ಎಂಟರ ಬಸ್ಸಿಗೆ ಸಬ್‌ಟೈಟಲ್ ಬರೆದದ್ದು

ಒಂದು ಕಿರುಚಿತ್ರಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಮಾಡುತ್ತಿದ್ದೆ. ಹಳ್ಳಿ ಶಾಲೆಯ ಮೇಷ್ಟ್ರಿಗೆ ವರ್ಗ ಆಗಿದೆ. ಅವರು ಬಾಡಿಗೆಗಿದ್ದ ಮನೆಯ ಮಗಳು ಬಾಗಿಲಲ್ಲಿ ನಿಂತು ಮಾತಾಡುತ್ತಾಳೆ.

"ಎಂಟಕ್ಕಲ್ವಾ ಮೇಷ್ಟ್ರೇ ನಿಮ್ಮ ಬಸ್ಸು?"
"ಹೂಂ."
"ಆ ಎಂಟರ ಬಸ್ಸು... ಒಂದೊಂದು ದಿನ ಬರೋದೇ ಇಲ್ಲ."
"ಬರದಿದ್ರೆ?"
"ನಿನಗೂ ಸೇರಿಸಿ ಅಡುಗೆ ಮಾಡಿದ್ದೀನಿ."

ಬಸ್ಸಿನ ಮಾತಿಗೆ ಇಂಗ್ಲಿಷ್‌ನಲ್ಲಿ 'ದಯವಿಟ್ಟು ಹೋಗಬೇಡಿ' ಅಂತ ಬರೆದುಬಿಡಿ, ಹೊರಗಿನವರಿಗೆ ಅರ್ಥವಾಗಲಿ ಅಂದರು ನಿರ್ಮಾಪಕರು. ನಾನು ಒಪ್ಪಲಿಲ್ಲ. ಹಾಗೆ ಬರೆದರೆ ಮೇಷ್ಟ್ರು 'ಬರದಿದ್ರೆ?' ಅಂತ ಕೇಳುವುದಕ್ಕೆ ಅರ್ಥವೇ ಉಳಿಯಲ್ಲ. ಅವಳ ಮನಸ್ಸು ಅವರಿಗೆ ತಿಳಿಯುವ ಹೊತ್ತಿಗೇ ನೋಡುವವರಿಗೂ ತಿಳಿಯಬೇಕು.

ಆದರೆ ಇದ್ದದ್ದನ್ನು ಇದ್ದ ಹಾಗೇ ಇಟ್ಟರೂ ಸಾಲದು. ಬಸ್ಸಿನ ಮಾತನ್ನು ಒಂದೇ ಸಬ್‌ಟೈಟಲ್‌ನಲ್ಲಿ ಹಾಕಿ, ಕನ್ನಡ ಬಾರದ ಗೆಳತಿಗೆ ತೋರಿಸಿದೆ. ಆ ಹುಡುಗಿಗೆ ಏನು ಬೇಕು ಅನ್ನಿಸ್ತು ಅಂತ ಕೇಳಿದರೆ, "ಬಸ್ ಸರಿ ಇಲ್ಲ ಅಂತ ಹೇಳ್ತಿದ್ದಾಳೆ" ಅಂದಳು. ಕಣ್ಣು ಕಿವಿಗಿಂತ ಮುಂದೆ ಓಡುತ್ತೆ. ನಟಿ ಮಾತು ನಿಲ್ಲಿಸಿ ತಲೆ ತಗ್ಗಿಸುವಷ್ಟರಲ್ಲಿ ಇವಳು ಪೂರ್ತಿ ಓದಿ ಮುಗಿಸಿದ್ದಳು. ಹಾಗಾಗಿ ಆ ಮೌನ ಯಾಕೆ ಬಂತು ಅನ್ನೋದೇ ಗೊತ್ತಾಗಲಿಲ್ಲ. ಮಾತನ್ನು ಎರಡಾಗಿ ಒಡೆದೆ:

```
41
00:12:04,200 --> 00:12:05,900
That eight o'clock bus...

42
00:12:07,400 --> 00:12:09,100
Some days it doesn't come.
```

ನಡುವಿನ ಒಂದೂವರೆ ಸೆಕೆಂಡು ಪರದೆಯ ಮೇಲೆ ಅಕ್ಷರವೇ ಇಲ್ಲ. ಆಗ ನೋಡುವವರ ಕಣ್ಣು ಅವಳ ಮುಖಕ್ಕೆ ಹೋಗುತ್ತೆ. ಇದನ್ನು ಬೇರೊಬ್ಬರಿಗೆ ತೋರಿಸಿದಾಗ, "ಅವನು ಉಳೀಲಿ ಅಂತ ಅವಳಿಗೆ ಆಸೆ" ಅಂದರು. ಅದೇ ಪದಗಳು, ಬದಲಾದದ್ದು ಸಮಯ ಮಾತ್ರ.

ಜಾಸ್ತಿ ಕಷ್ಟ ಕೊಟ್ಟದ್ದು ಕೊನೆಯ ಮಾತು. ಅಲ್ಲಿ ಅವಳು ಮೊದಲ ಸಲ 'ನೀವು' ಬಿಟ್ಟು 'ನೀನು'ಗೆ ಬರುತ್ತಾಳೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ಪದ. ಜಾಗ ಉಳಿಸೋಕೆ ಸಾಮಾನ್ಯವಾಗಿ ನಾವು 'ಮೇಷ್ಟ್ರೇ' ಥರದ ಸಂಬೋಧನೆಗಳನ್ನು ಬಿಟ್ಟುಬಿಡುತ್ತೇವೆ. ಇಲ್ಲಿ ಮಾತ್ರ ಚಿತ್ರದ ಮೊದಲಿಂದಲೂ ಅವಳ ಮಾತಿನಲ್ಲಿ 'ಸರ್' ಉಳಿಸಿಕೊಂಡು ಬಂದೆ, ಕೊನೆಯಲ್ಲಿ ಬಿಟ್ಟೆ.

ಆ ಮಾತಿಗೆ ಸಿಕ್ಕಿದ್ದು ಒಂದೂವರೆ ಸೆಕೆಂಡು. ಸೆಕೆಂಡಿಗೆ 17 ಅಕ್ಷರ ನಾನು ಇಟ್ಟುಕೊಂಡ ಮಿತಿ. ಅಂದರೆ 25ರ ಒಳಗೆ ಮುಗಿಸಬೇಕು, ಖಾಲಿ ಜಾಗವೂ ಲೆಕ್ಕಕ್ಕೆ ಸೇರುತ್ತೆ. `I've cooked enough for you too.` ಅಂದರೆ 31 ಆಗುತ್ತಿತ್ತು. `There's food for you too.` ಸರಿಯಾಗಿ 25. ಅವಳೇ ಅಡುಗೆ ಮಾಡಿದ್ದು ಅನ್ನೋದು ಹೋಯ್ತು, ಆದರೆ ಹಿಂದಿನ ದೃಶ್ಯದಲ್ಲಿ ಅವಳು ಒಲೆ ಮುಂದೆ ಕೂತಿರೋದು ಕಾಣುತ್ತೆ. 'ಸರ್' ಇಲ್ಲದಿರುವುದನ್ನು ಎಲ್ಲರೂ ಗಮನಿಸಲ್ಲ. 'ನಿನಗೂ' ಕೇಳಿದಾಗ ಕನ್ನಡದವರಿಗೆ ಆಗುವಷ್ಟು ಪರಿಣಾಮ ಅದರಿಂದ ಆಗಲ್ಲ.