ಎಫ್‌ಡಿ ಮುರಿಸುವ ಲೆಕ್ಕ: ಐದು ಲಕ್ಷಕ್ಕೆ ಐದು ರಸೀದಿ ಮಾಡಿಸಿದ್ದು ಯಾಕೆ

ಐದು ಲಕ್ಷವನ್ನು ಒಂದೇ ರಸೀದಿಯಲ್ಲಿ ಇಡದೆ ಒಂದೊಂದು ಲಕ್ಷದ ಐದು ಎಫ್‌ಡಿ ಮಾಡುತ್ತೇನೆ ಅಂದಾಗ ಬಹಳ ಜನ ನಕ್ಕರು. ಮೊತ್ತ ಸಣ್ಣದಾದರೆ ಚಕ್ರಬಡ್ಡಿ ಕಡಿಮೆ ಬೆಳೆಯುತ್ತದೆ ಅನ್ನೋದು ಅವರ ವಾದ. ಬಡ್ಡಿ ಬೆಳೆಯೋದು ಶೇಕಡಾವಾರು, ಹಾಗಾಗಿ ದರವೂ ಅವಧಿಯೂ ಒಂದೇ ಇದ್ದರೆ ಒಂದೊಂದು ಲಕ್ಷದ ಐದು ರಸೀದಿ ಸೇರಿ ಐದು ಲಕ್ಷದ ಒಂದು ರಸೀದಿಯಷ್ಟೇ ಆಗುತ್ತದೆ. ವ್ಯತ್ಯಾಸ ಕಾಣೋದು ಮುರಿಸುವಾಗ ಮಾತ್ರ.

ನಮ್ಮ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುತ್ತದೆ. ಒಂದು ಲಕ್ಷ, 7%, ಮೂರು ವರ್ಷ ಅಂದರೆ ಹನ್ನೆರಡು ಸಲ. ಪ್ರತಿ ಸಲ ಸೇರೋದು 1.75%. ಮೊದಲ ಮೂರು ತಿಂಗಳಿಗೆ 1,750 ರೂಪಾಯಿ, ಕೊನೆಯ ಮೂರು ತಿಂಗಳಿಗೆ ಸುಮಾರು 2,118. ಸ್ಪ್ರೆಡ್‌ಶೀಟ್‌ನಲ್ಲಿ ಹೀಗೆ ಹಾಕಿ:

```
=100000*(1+7%/4)^12
```

ಉತ್ತರ 1,23,144. ಬಾಕಿ ಎಲ್ಲಾ ಲೆಕ್ಕಕ್ಕೂ ಇದೇ ಸೂತ್ರ ಸಾಕು, ದರ ಮತ್ತು ಘಾತ ಮಾತ್ರ ಬದಲಿಸಿ.

ಈಗ ಇದನ್ನು ಒಂದು ವರ್ಷಕ್ಕೇ ಮುರಿಸಿದರೆ? ದಂಡ 1% ಅಂದರೆ 7ರಲ್ಲಿ 1 ಕಳೆದು 6% ಸಿಗುತ್ತದೆ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಎಡವೋದು ಇಲ್ಲೇ. ಮೂರು ವರ್ಷ ಇರುತ್ತದೆ ಅಂತ ತಾನೇ ಬ್ಯಾಂಕು 7% ಒಪ್ಪಿದ್ದು? ಹಣ ಇದ್ದದ್ದು ಒಂದೇ ವರ್ಷ. ಹಾಗಾಗಿ ನೀವು ಎಫ್‌ಡಿ ಮಾಡಿದ ದಿನ ಒಂದು ವರ್ಷದ ಅವಧಿಗೆ ಎಷ್ಟು ದರ ಇತ್ತೋ ಅದನ್ನು ಹಿಡಿಯುತ್ತಾರೆ, ಆಮೇಲೆ ದಂಡ ಕಳೆಯುತ್ತಾರೆ. ಆ ದಿನ ಒಂದು ವರ್ಷಕ್ಕೆ 6.5% ಇತ್ತು ಅಂತಿಟ್ಟುಕೊಳ್ಳಿ, ಕೈಗೆ ಬರೋದು 5.5%. ಅಂದರೆ 1,05,614. ಏಳರ ದರದಲ್ಲಿ 1,07,186 ಆಗಬೇಕಿತ್ತು, ಕೈಬಿಟ್ಟಿದ್ದು 1,572. ಎಫ್‌ಡಿ ಮಾಡಿದ ದಿನವೇ ಬ್ಯಾಂಕಿನ ಪೂರ್ತಿ ದರಪಟ್ಟಿಯನ್ನು ಉಳಿಸಿಟ್ಟುಕೊಳ್ಳಿ. ವರ್ಷ ಕಳೆದ ಮೇಲೆ ಹಳೆಯ ಪಟ್ಟಿ ಹುಡುಕೋದು ಕಷ್ಟ. ದಂಡ ಕೆಲವು ಕಡೆ ಅರ್ಧ ಪರ್ಸೆಂಟ್, ಕೆಲವು ಕಡೆ ಒಂದು. ತಿಂಗಳು ತಿಂಗಳು ಬಡ್ಡಿ ಪಡೆಯುವ ಎಫ್‌ಡಿಯಾದರೆ ಈಗಾಗಲೇ ಹೆಚ್ಚು ಕೊಟ್ಟ ಬಡ್ಡಿಯನ್ನು ಅಸಲಿನಿಂದಲೇ ಹಿಡಿಯುತ್ತಾರೆ. ಇಟ್ಟಿದ್ದಕ್ಕಿಂತ ಕಡಿಮೆ ಬಂತಲ್ಲ ಅಂತ ಗಾಬರಿಯಾಗೋದು ಆಗಲೇ.

ಲಕ್ಷ ರೂಪಾಯಿ ಬೇಕಾಗಿ ಐದು ಲಕ್ಷದ ಒಂದೇ ರಸೀದಿ ಮುರಿಸಿದರೆ ಈ 1,572 ಐದು ಪಟ್ಟು, ಅಂದರೆ 7,860 ಆಗುತ್ತದೆ. ಐದು ರಸೀದಿ ಇದ್ದರೆ ಒಂದನ್ನು ಮುರಿಸಿ, ನಾಲ್ಕನ್ನು ಮುಟ್ಟದೆ ಬಿಡಬಹುದು. ನಕ್ಕವರು ಈ ಸಂಖ್ಯೆ ನೋಡಿದ ಮೇಲೆ ಸುಮ್ಮನಾದರು ಅಂತ ಇಷ್ಟು ಮಾತ್ರ ಹೇಳ್ತೀನಿ! ಒಂದು ರಸೀದಿಯಲ್ಲೇ ಭಾಗಶಃ ತೆಗೆಯಲು ಬಿಡುವ ಬ್ಯಾಂಕೂ ಇದೆ, ಅಲ್ಲಿ ಇಷ್ಟು ತಾಪತ್ರಯ ಬೇಡ.

ದರ ಏರಿತು, ಹಳೆಯದನ್ನು ಮುರಿಸಿ ಹೊಸದಾಗಿ ಇಡೋಣವೇ ಅನ್ನೋದನ್ನೂ ಕಾಗದದ ಮೇಲೆ ಪ್ರಯೋಗ ಮಾಡಿ ನೋಡಿದೆ. ಮುರಿಸಿ ಬಂದ 1,05,614ನ್ನು ಉಳಿದ ಎರಡು ವರ್ಷಕ್ಕೆ 7.75%ಕ್ಕೆ ಇಟ್ಟರೆ ಕೊನೆಗೆ 1,23,138. ಮುರಿಸದೇ ಇದ್ದರೂ 1,23,144. ಮುಕ್ಕಾಲು ಪರ್ಸೆಂಟ್ ಏರಿದರೂ ಆರು ರೂಪಾಯಿ ನಷ್ಟ. ಅದಕ್ಕಿಂತ ಹೆಚ್ಚು ಏರದಿದ್ದರೆ ಬ್ಯಾಂಕಿಗೆ ಹೋಗಿ ಬರುವ ಆಟೋ ಖರ್ಚೂ ದಂಡ.

ಅವಧಿ ಮುಗಿಯಲು ಸ್ವಲ್ಪವೇ ಬಾಕಿ ಇದ್ದರೆ ಮುರಿಸುವ ಮಾತೇ ಬೇಡ, ಅದರ ಮೇಲೆ ಸಾಲ ತೆಗೆಯಿರಿ. 33 ತಿಂಗಳಾಗಿದೆ, 90,000 ಬೇಕು ಅನ್ನೋಣ. ಎಫ್‌ಡಿ ಮಾಡಿದ ದಿನ ಎರಡರಿಂದ ಮೂರು ವರ್ಷದೊಳಗಿನ ದರ 6.75% ಇದ್ದರೆ ದಂಡ ಕಳೆದು 5.75%, ಸಿಗೋದು ಸುಮಾರು 1,17,000. ಏಳರ ದರದ ಲೆಕ್ಕಕ್ಕಿಂತ ನಾಲ್ಕು ಸಾವಿರ ಕಡಿಮೆ. ಅದೇ 90,000ವನ್ನು 8%ಕ್ಕೆ, ಅಂದರೆ ಎಫ್‌ಡಿ ದರಕ್ಕಿಂತ ಒಂದು ಹೆಚ್ಚಿಗೆ, ಮೂರು ತಿಂಗಳಿಗೆ ಸಾಲ ಪಡೆದರೆ ಬಡ್ಡಿ 1,800. ಆ ಮೂರು ತಿಂಗಳಲ್ಲಿ ಎಫ್‌ಡಿ ತನ್ನ ಪಾಡಿಗೆ 2,118 ದುಡಿದಿರುತ್ತದೆ. ಆದರೆ ಒಂದು ವರ್ಷವಾದಾಗಲೇ ತೆಗೆದು ಉಳಿದ ಎರಡು ವರ್ಷ ತೀರಿಸಲಾಗದ ಸಾಲಕ್ಕೆ ಇದು ಹೊಂದುವುದಿಲ್ಲ. ಆಗ ಒಂದು ವರ್ಷಕ್ಕೆ ಮುರಿಸಿದ್ದಕ್ಕೂ ಸಾಲಕ್ಕೂ ಹೆಚ್ಚುಕಮ್ಮಿ ಸಮ ಬರುತ್ತದೆ.

ಐದು ವರ್ಷದ ತೆರಿಗೆ ಉಳಿಸುವ ಎಫ್‌ಡಿಗೆ ಇದಾವುದೂ ನಡೆಯದು, ಅದನ್ನು ಮುರಿಸಲೂ ಆಗಲ್ಲ, ಸಾಲಕ್ಕೆ ಒತ್ತೆ ಇಡಲೂ ಆಗಲ್ಲ. ಐದು ರಸೀದಿಗಳ ಅವಧಿಯನ್ನು ಹೇಗೆ ಹಿಂದೆ ಮುಂದೆ ಜೋಡಿಸಿದ್ದೇನೆ ಅನ್ನೋದನ್ನು ಮಾತ್ರ ಇಲ್ಲಿ ಬಿಟ್ಟುಕೊಡಲ್ಲ. ಒಂದು ಸುಳಿವು ಕೊಡಬಲ್ಲೆ: ಮುರಿಸುವ ಮುನ್ನ ದರಪಟ್ಟಿಯಲ್ಲಿ ಮುಂದಿನ ಅವಧಿಯ ಮೆಟ್ಟಿಲು ಎಷ್ಟು ದಿನ ದೂರ ಇದೆ ನೋಡಿ. 360ನೇ ದಿನ ಮುರಿಸೋದಕ್ಕೂ ವರ್ಷ ತುಂಬಿದ ಮೇಲೆ ಮುರಿಸೋದಕ್ಕೂ ದರವೇ ಬೇರೆ ಇರಬಹುದು.