ಸಿಂಡಿಕೇಟ್ ಷೇರು ಕೆನರಾ ಷೇರಾದಾಗ: ವಿಲೀನದ ಲೆಕ್ಕ ಹಾಕುವುದು ಹೇಗೆ?

ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದಾಗ, ಸಿಂಡಿಕೇಟಿನ ಪ್ರತಿ 1000 ಷೇರಿಗೆ ಕೆನರಾದ 158 ಷೇರು ಎಂಬ ವಿನಿಮಯ ಅನುಪಾತ ನಿಗದಿಯಾಗಿತ್ತು. ತೀರ್ಥಹಳ್ಳಿ, ಸಾಗರದ ಕಡೆಯ ನನ್ನ ಪರಿಚಿತರಲ್ಲಿ ಹಲವರು ಆಗ ‘842 ಷೇರು ಹೋಯಿತು’ ಎಂದು ಕಂಗಾಲಾದರು. ವರ್ಷಗಳ ನಂತರ ಅದೇ ಷೇರು ಮಾರುವಾಗ ಕೊಂಡ ಬೆಲೆಯನ್ನು ತಪ್ಪಾಗಿ ಹಿಡಿದು ಪೆಟ್ಟು ತಿಂದವರೂ ಅವರೇ.

ಮೊದಲು ಸಂಖ್ಯೆಯನ್ನು ಬಿಟ್ಟು ಮೌಲ್ಯವನ್ನು ನೋಡಬೇಕು. ಶಿವಮೊಗ್ಗದ ಮಂಡಿಯಲ್ಲಿ ಗೊರಬಲು ಎಂಬ ಅಗ್ಗದ ಅಡಿಕೆ ಕೊಟ್ಟು ಸರಕು ಎಂಬ ದುಬಾರಿ ಅಡಿಕೆ ಪಡೆಯುವವನಿಗೆ ಕಡಿಮೆ ಕ್ವಿಂಟಲ್ ಸಿಗುತ್ತದೆ; ಅದರಿಂದಲೇ ಅವನಿಗೆ ನಷ್ಟವಾಯಿತು ಎನ್ನಲಾಗದು. ಕೆನರಾದ ಪೇಟೆ ಬೆಲೆಯನ್ನು 0.158ರಿಂದ ಗುಣಿಸಿದರೆ ಒಂದು ಸಿಂಡಿಕೇಟ್ ಷೇರಿನ ಬೆಲೆ ಸಿಗುತ್ತಿತ್ತು. ಕೆನರಾ 100 ರೂಪಾಯಿ ಇದ್ದರೆ ಸಿಂಡಿಕೇಟಿಗೆ 15 ರೂಪಾಯಿ 80 ಪೈಸೆ. ಇದಕ್ಕಿಂತ ಬಹಳ ಹೆಚ್ಚಿನ ಬೆಲೆಗೆ ಸಿಂಡಿಕೇಟ್ ಮಾರಾಟವಾಗುತ್ತಿದ್ದರೆ ಮಾರಿಬಿಡುವುದೇ ಸರಿ, ಸ್ವಲ್ಪ ಕಡಿಮೆಗೆ ಮಾರಾಟವಾಗುತ್ತಿದ್ದರೆ ಅದು ಕಾಯುವ ಅವಧಿಯ ಅನಿಶ್ಚಿತತೆಯ ಗುರುತು. ಒಮ್ಮೆ ಘೋಷಣೆಯಾದ ಅನುಪಾತ ಸಾಮಾನ್ಯವಾಗಿ ಬದಲಾಗದು, ಆದರೆ ಕೊಳ್ಳುವ ಕಂಪನಿಯ ಬೆಲೆ ದಿನವೂ ಬದಲಾಗುತ್ತದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಭಯಕ್ಕೆ ಪೇಟೆ ಕುಸಿದಾಗ 158 ಎಂಬ ಅಂಕಿ ಹಾಗೆಯೇ ಉಳಿದಿತ್ತು, ಅದರ ಬೆಲೆ ಮಾತ್ರ ಕರಗಿತ್ತು.

ಒಪ್ಪಿಗೆಯ ವಿಷಯ ಚಿಕ್ಕದು. ರಾಷ್ಟ್ರೀಕೃತ ಬ್ಯಾಂಕುಗಳ ಈ ವಿಲೀನ ಕೇಂದ್ರ ಸರ್ಕಾರದ ಯೋಜನೆಯಂತೆ ನಡೆದದ್ದರಿಂದ ಷೇರುದಾರರ ಮತಕ್ಕೆ ಅವಕಾಶವಿರಲಿಲ್ಲ. ಸಾಮಾನ್ಯ ಕಂಪನಿಗಳಲ್ಲಿ ಮತ ಹಾಕಿದವರ ಪೈಕಿ ತಲೆ ಎಣಿಕೆಯಲ್ಲಿ ಬಹುಮತವೂ ಮೌಲ್ಯದ ಲೆಕ್ಕದಲ್ಲಿ ಮುಕ್ಕಾಲು ಪಾಲೂ ಒಪ್ಪಿ, ಕಂಪನಿ ಕಾನೂನು ನ್ಯಾಯಮಂಡಳಿಯೂ ಮಂಜೂರು ಮಾಡಿದರೆ, ವಿರೋಧಿಸಿದವರಿಗೂ ಅದು ಅನ್ವಯಿಸುತ್ತದೆ.

ಹೆಚ್ಚಿನವರು ಎಡವುವುದು ಬಿಡಿ ಭಾಗಗಳಲ್ಲಿ. ಒಬ್ಬರ ಬಳಿ 350 ಸಿಂಡಿಕೇಟ್ ಷೇರುಗಳಿದ್ದವು ಎಂದುಕೊಳ್ಳೋಣ. 350ನ್ನು 158ರಿಂದ ಗುಣಿಸಿ 1000ದಿಂದ ಭಾಗಿಸಿದರೆ 55.3 ಬರುತ್ತದೆ. ಖಾತೆಗೆ ಬರುವುದು 55 ಷೇರು ಮಾತ್ರ. ಉಳಿದ 0.3ನ್ನು ಇತರರ ಇಂಥದ್ದೇ ಚೂರುಗಳೊಂದಿಗೆ ಒಟ್ಟುಗೂಡಿಸಿ ಪೇಟೆಯಲ್ಲಿ ಮಾರಿ, ಬಂದ ಹಣದಲ್ಲಿ ಅವರವರ ಪಾಲನ್ನು ಹಂಚಲಾಗುತ್ತದೆ. ಈ ಲೆಕ್ಕದಲ್ಲಿ 6 ಷೇರು ಇದ್ದವರಿಗೆ 0.948 ಬರುವುದರಿಂದ ಅವರಿಗೆ ಒಂದು ಷೇರೂ ಸಿಗದೆ ಹಣವಷ್ಟೇ ಸಿಗುತ್ತದೆ. 7 ಇದ್ದರೆ ಒಂದು ಷೇರು ಖಚಿತ. ಚೂರಿನ ಲೆಕ್ಕ ಖಾತೆವಾರು ನಡೆಯುವುದರಿಂದ, ಒಬ್ಬರ ಹೆಸರಿನಲ್ಲೇ ಎರಡು ಕಡೆ ಷೇರುಗಳಿದ್ದರೆ ಯಾರ ಬಳಿ ಎಷ್ಟು ಷೇರಿದೆ ಎಂದು ಲೆಕ್ಕ ಹಿಡಿಯುವ ದಾಖಲೆ ದಿನಕ್ಕೆ ಮುಂಚೆ ಒಂದೇ ಡಿಮ್ಯಾಟ್ ಖಾತೆಗೆ ಸೇರಿಸಿಕೊಳ್ಳಬೇಕೆಂಬುದು ನನ್ನ ಖಚಿತ ಸಲಹೆ. ಬ್ಯಾಂಕ್ ಖಾತೆಯ ವಿವರ ಹಳೆಯದಾಗಿದ್ದರೆ ಚೂರಿನ ಹಣ ವಾಪಸ್ ಹೋಗುತ್ತದೆ, ಮೊತ್ತ ಸಣ್ಣದೆಂದು ಅದನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ.

ಹಳೆಯ ಷೇರಿನ ವಹಿವಾಟು ನಿಂತು ಹೊಸದು ಖಾತೆಗೆ ಜಮೆಯಾಗುವ ನಡುವೆ ಕೆಲವು ದಿನ ಏನನ್ನೂ ಮಾರಲಾಗದು. ಅಡಿಕೆ ಕೊಯ್ಲಿನ ಕೂಲಿಗೋ ಮಗಳ ಮದುವೆಗೋ ಆ ಹಣವನ್ನೇ ನೆಚ್ಚಿದವರು ಮೊದಲೇ ಮಾರಬೇಕು.

ಇನ್ನು ತೆರಿಗೆ. ಭಾರತೀಯ ಕಂಪನಿಯೊಂದು ಇನ್ನೊಂದರಲ್ಲಿ ವಿಲೀನವಾಗಿ, ಹಳೆಯ ಷೇರಿಗೆ ಬದಲಾಗಿ ಷೇರುದಾರರು ಹೊಸ ಷೇರನ್ನಷ್ಟೇ ಪಡೆದಾಗ ಅದನ್ನು ಮಾರಾಟವೆಂದು ಪರಿಗಣಿಸುವುದಿಲ್ಲ. ಹಳೆಯ ಷೇರನ್ನು ಕೊಂಡ ಬೆಲೆಯೇ ಹೊಸದನ್ನು ಕೊಂಡ ಬೆಲೆ, ಹಳೆಯದನ್ನು ಕೊಂಡ ದಿನದಿಂದಲೇ ಹಿಡಿದಿಟ್ಟ ಅವಧಿ. ನಮ್ಮ ಉದಾಹರಣೆಯವರು 350 ಷೇರುಗಳನ್ನು ತಲಾ 60 ರೂಪಾಯಿಗೆ, ಒಟ್ಟು 21,000 ರೂಪಾಯಿಗೆ ಕೊಂಡಿದ್ದರು ಎನ್ನೋಣ. ಇದನ್ನು 55.3ರಿಂದ ಭಾಗಿಸಿದರೆ ಪ್ರತಿ ಕೆನರಾ ಷೇರಿನ ಕೊಂಡ ಬೆಲೆ ಸುಮಾರು 379 ರೂಪಾಯಿ 75 ಪೈಸೆ. 55 ಷೇರುಗಳಿಗೆ 20,886 ರೂಪಾಯಿ, ಚೂರಿಗೆ 114 ರೂಪಾಯಿ. ಚೂರಿಗೆ ಬಂದ ಹಣದಲ್ಲಿ 114 ಕಳೆದು ಉಳಿದದ್ದಷ್ಟೇ ಲಾಭ ಅಥವಾ ನಷ್ಟ.

2024ರ ಮೇ ತಿಂಗಳಿನಲ್ಲಿ ಕೆನರಾ ಬ್ಯಾಂಕು 10 ರೂಪಾಯಿ ಮುಖಬೆಲೆಯ ಷೇರನ್ನು 2 ರೂಪಾಯಿಯ ಐದು ಷೇರುಗಳಾಗಿ ಒಡೆಯಿತು. 55 ಈಗ 275 ಆಯಿತು, ಪ್ರತಿ ಷೇರಿನ ಕೊಂಡ ಬೆಲೆ ಸುಮಾರು 75 ರೂಪಾಯಿ 95 ಪೈಸೆಗೆ ಇಳಿಯಿತು. ಇದನ್ನು ಬೋನಸ್ ಎಂದು ಭಾವಿಸಿ 220 ಷೇರುಗಳ ಬೆಲೆಯನ್ನು ಸೊನ್ನೆ ಎಂದು ಬರೆದವರೊಬ್ಬರು ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಿದ್ದಾರೆ. ಬ್ರೋಕರ್ ಆ್ಯಪ್ ತೋರಿಸುವ ಸರಾಸರಿ ಬೆಲೆಯನ್ನು ನಂಬಬೇಡಿ, ಒಂದು ಖಾತೆಯಿಂದ ಇನ್ನೊಂದಕ್ಕೆ ಬಂದ ಷೇರುಗಳಿಗೆ ಅದು ಹಲವೊಮ್ಮೆ ಖಾಲಿ ಅಥವಾ ತಪ್ಪಾಗಿರುತ್ತದೆ. ಮೂಲ ಖರೀದಿಯ ಕಾಂಟ್ರಾಕ್ಟ್ ನೋಟ್ ಇಲ್ಲವೇ ಹಂಚಿಕೆ ಪತ್ರ, ವಿಲೀನದ ಅಧಿಸೂಚನೆ, ಚೂರಿನ ಹಣ ಜಮೆಯಾದ ಪಾಸ್‌ಬುಕ್ ಪುಟ ಈ ಮೂರನ್ನೂ ಒಂದೇ ಕಡತದಲ್ಲಿಟ್ಟು, ಮಾರುವ ದಿನ ಲೆಕ್ಕ ಪರಿಶೋಧಕರ ಮುಂದಿಡಿ.