ಎರಡು ಬಾಹು, ಒಂದು ಕೋನ ಸಮ. ಆದರೂ ತ್ರಿಭುಜಗಳು ಬೇರೆ ಬೇರೆ

ಸರ್ವಸಮತೆಯ ಉತ್ತರ ಪತ್ರಿಕೆ ತಿದ್ದುವಾಗ ಒಂದು ಸಾಲು ಪದೇ ಪದೇ ಕಣ್ಣಿಗೆ ಬೀಳುತ್ತದೆ: ‘ಎರಡು ಬಾಹು ಸಮ, ಒಂದು ಕೋನ ಸಮ, ಆದ್ದರಿಂದ ತ್ರಿಭುಜಗಳು ಸರ್ವಸಮ.’ ಕೋನ ಆ ಎರಡು ಬಾಹುಗಳ ನಡುವೆ ಇದೆಯೋ, ಆಚೆ ಇದೆಯೋ ಎಂದು ನೋಡಿರುವುದೇ ಇಲ್ಲ. ನಡುವೆ ಇದ್ದರೆ ಅದು ಬಾಹು–ಕೋನ–ಬಾಹು, ಅಂದರೆ ಬಾಕೋಬಾ, ಸರಿ. ಆಚೆ ಇದ್ದರೆ ಬಾಹು–ಬಾಹು–ಕೋನ, ಅಂದರೆ ಬಾಬಾಕೋ, ಅದನ್ನು ನಿಯಮ ಅಂತ ನಂಬುವ ಹಾಗಿಲ್ಲ. ಯಾಕೆ ಎಂದು ಕೇಳಿದವರಿಗೆ ‘ಅಂಥ ನಿಯಮ ಇಲ್ಲ’ ಎಂದಷ್ಟೇ ಹೇಳಿದರೆ ಸಾಲದು. ಎರಡು ಬಾಹು ಮತ್ತು ಒಂದು ಕೋನ ಹೊಂದಿಕೊಂಡೂ ಬೇರೆ ಬೇರೆಯಾದ ಎರಡು ತ್ರಿಭುಜಗಳನ್ನು ಕಣ್ಣ ಮುಂದೆ ಇಡಬೇಕು.

ಆ ಚಿತ್ರ ಬರೆಯಲು ಹೋಗಿ ಎಡವುವವರೂ ಜಾಸ್ತಿ. ಅಳತೆ ತಪ್ಪಾಗಿ ಆರಿಸಿಕೊಳ್ಳುತ್ತಾರೆ, ಒಂದೇ ತ್ರಿಭುಜ ಬರುತ್ತದೆ, ‘ನೋಡಿ, ಬಾಬಾಕೋ ಸರಿಯಾಗೇ ಇದೆ ಅಲ್ವಾ’ ಅನ್ನುತ್ತಾರೆ. ಅದಕ್ಕೇ ಇಲ್ಲಿ ನಾನು ಕೊಡುವ ಅಳತೆಗಳನ್ನೇ ಬಳಸಿ. ಎಲ್ಲವೂ ಸ್ಕೇಲಿನ ಗೆರೆಯ ಮೇಲೇ ಬಂದು ನಿಲ್ಲುತ್ತವೆ.

ಮೊದಲು ಕೋನ

ಹಾಳೆಯ ಕೆಳಭಾಗದಲ್ಲಿ A ಬಿಂದು ಇಟ್ಟು ಬಲಕ್ಕೆ ಕನಿಷ್ಠ 12 ಸೆಂ.ಮೀ. ಉದ್ದದ ಗೆರೆ ಎಳೆಯಿರಿ. A ಯಿಂದ 8 ಸೆಂ.ಮೀ. ದೂರದಲ್ಲಿ D ಗುರುತಿಸಿ. D ಯಲ್ಲಿ ಲಂಬ ಎತ್ತಿ, 6 ಸೆಂ.ಮೀ. ಮೇಲೆ B ಇಡಿ. A ಮತ್ತು B ಸೇರಿಸಿ. ಈಗ AB ಅಳೆದರೆ 10 ಸೆಂ.ಮೀ. ಬರಬೇಕು, ಏಕೆಂದರೆ 64 + 36 = 100. 9.8 ಅಥವಾ 10.2 ಬಂದರೆ ಲಂಬ ವಾಲಿದೆ ಎಂದರ್ಥ. ಹಾಗೇ ಮುಂದೆ ಹೋಗಬೇಡಿ, ಅಳಿಸಿ ಮತ್ತೆ ಎಳೆಯಿರಿ.

ಕೋನಮಾಪಕ ಬೇಡ. A ಯಲ್ಲಿನ ಕೋನ ಸುಮಾರು 37 ಡಿಗ್ರಿ, ಆದರೆ ಅದು ಪೂರ್ಣಸಂಖ್ಯೆಯಲ್ಲ. ಗೀಟು ಮಸುಕಾದ ಪ್ಲಾಸ್ಟಿಕ್ ಕೋನಮಾಪಕದಲ್ಲಿ 37 ಅಂತ ಗುರುತು ಹಾಕಿದರೆ ಮುಂದಿನ ಅಳತೆಗಳೆಲ್ಲ ಅಷ್ಟಷ್ಟು ಜಾರುತ್ತವೆ. ನಮಗೆ ಕೋನದ ಬೆಲೆ ಬೇಕಾಗಿಯೇ ಇಲ್ಲ. ಎರಡು ತ್ರಿಭುಜಕ್ಕೂ ಅದೇ ಕೋನ ಇದ್ದರೆ ಸಾಕು.

ಕೈವಾರ ಇಡುವ ಹಂತ

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಮಾಡಿ. ಒಂದು ಬಾಹು ಸಿಕ್ಕಿದೆ: AB, 10 ಸೆಂ.ಮೀ. ಕೋನ ಸಿಕ್ಕಿದೆ: A. ಎರಡನೇ ಬಾಹು BC, ಅದರ ಉದ್ದ 6.5 ಸೆಂ.ಮೀ. ಇರಲಿ. C ಬಿಂದು ಕೆಳಗಿನ ಗೆರೆಯ ಮೇಲೆ ಎಲ್ಲೋ ಇರಬೇಕು. ಎಲ್ಲಿ ಅನ್ನುವುದನ್ನು ನಾವು ಇನ್ನೂ ತೀರ್ಮಾನಿಸಿಲ್ಲ. ಗಮನಿಸಿ, A ಕೋನವು AB ಮತ್ತು BC ಗಳ ನಡುವೆ ಇಲ್ಲ. ಅದು BC ಗೆ ಎದುರಿಗಿದೆ.

ಕೈವಾರವನ್ನು 6.5 ಸೆಂ.ಮೀ. ಗೆ ತೆರೆದು ಮೊನೆಯನ್ನು B ಮೇಲೆ ಊರಿ. ಕೆಳಗಿನ ಗೆರೆಯನ್ನು ದಾಟುವಂತೆ ಕಂಸ ಎಳೆಯಿರಿ. ಪೆನ್ಸಿಲ್ ಗೆರೆಯನ್ನು ಮುಟ್ಟಿದ ಕೂಡಲೇ ಕೈ ನಿಲ್ಲಿಸಬೇಡಿ. ಎಡದಿಂದ ಶುರುಮಾಡಿ, ಗೆರೆಯ ಕೆಳಗೆ ಇಳಿದು, ಬಲಕ್ಕೆ ಮತ್ತೆ ಮೇಲೆ ಬರುವವರೆಗೂ ಒಂದೇ ಸಲ ತಿರುಗಿಸಿ. ಕಂಸ ಗೆರೆಯನ್ನು ಎರಡು ಕಡೆ ಕತ್ತರಿಸುತ್ತದೆ: D ಯ ಎಡಕ್ಕೆ ಒಂದು, ಬಲಕ್ಕೆ ಒಂದು. ಎಡದ್ದನ್ನು C₁ ಅನ್ನಿ, ಬಲದ್ದನ್ನು C₂ ಅನ್ನಿ. ತುಂಬಾ ಜನ ಒಂದು ಗುರುತು ಸಿಕ್ಕ ತಕ್ಷಣ ಕೈವಾರ ಎತ್ತಿಬಿಡುತ್ತಾರೆ. ಎರಡನೇ ತ್ರಿಭುಜ ಅವರಿಗೆ ಯಾವತ್ತೂ ಕಾಣುವುದಿಲ್ಲ.

ಕೈವಾರದ ತಿರುಪು ಸಡಿಲವಿದ್ದರೆ ತಿರುಗಿಸುವಾಗಲೇ ಕಾಲು ಅಗಲವಾಗುತ್ತದೆ, ಎರಡು ಗುರುತುಗಳು D ಯಿಂದ ಸಮ ದೂರದಲ್ಲಿ ಬರುವುದಿಲ್ಲ. ಅಂಥ ಕೈವಾರವನ್ನು ಬಿಟ್ಟು ಕಾಗದದ ಪಟ್ಟಿಯೊಂದರ ಮೇಲೆ 6.5 ಸೆಂ.ಮೀ. ಅಂತರದಲ್ಲಿ ಎರಡು ಗುರುತು ಹಾಕಿ. ಒಂದು ಗುರುತನ್ನು B ಮೇಲಿಟ್ಟು ಪಟ್ಟಿಯನ್ನು ತಿರುಗಿಸಿದರೂ ಕೆಲಸ ಆಗುತ್ತದೆ. ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಜಿಯೋಜೀಬ್ರಾ ಬಳಸುವವರು B ಕೇಂದ್ರವಾಗಿ 6.5 ತ್ರಿಜ್ಯದ ಪೂರ್ಣ ವೃತ್ತವನ್ನೇ ಎಳೆದುಬಿಡಿ. ಛೇದಬಿಂದು ಕೇಳುವಾಗ ವೃತ್ತ ಮತ್ತು ಗೆರೆ ಎರಡನ್ನೂ ಬೇರೆ ಬೇರೆಯಾಗಿ ಆರಿಸಿ. ಕೂಡುವ ಜಾಗದ ಮೇಲೇ ಒತ್ತಿದರೆ ಆ ಒಂದು ಬಿಂದು ಮಾತ್ರ ಸಿಗುತ್ತದೆ.

ಇನ್ನೊಂದು ತಪ್ಪು ಅಭ್ಯಾಸ, ಮೊದಲೇ ಚಂದದ ತ್ರಿಭುಜ ಬರೆದುಕೊಂಡು ಆಮೇಲೆ ಅದರ ಅಳತೆಗಳನ್ನು ಬರೆಯುವುದು. ಹಾಗೆ ಮಾಡಿದರೆ C ಎಲ್ಲಿರಬೇಕು ಎಂಬುದನ್ನು ನೀವೇ ಮೊದಲು ತೀರ್ಮಾನಿಸಿದಂತಾಯಿತು. ಕೊಟ್ಟ ಅಳತೆಗಳಿಂದ C ತಾನೇ ಬರಬೇಕು.

ಅಳೆದು ನೋಡಿ

B ಯಿಂದ C₁ ಗೂ C₂ ಗೂ ಗೆರೆ ಎಳೆಯಿರಿ. AC₁ ಅಳೆದರೆ 5.5 ಸೆಂ.ಮೀ., AC₂ ಅಳೆದರೆ 10.5 ಸೆಂ.ಮೀ. ಲೆಕ್ಕದಲ್ಲೂ ಹಾಗೇ ಬರುತ್ತದೆ. B ಯಿಂದ ಗೆರೆಗೆ ಇರುವ ಎತ್ತರ 6, ವಿಕರ್ಣ 6.5. ಅಂದರೆ 42.25 − 36 = 6.25, ಅದರ ವರ್ಗಮೂಲ 2.5. D ಯಿಂದ ಎಡಕ್ಕೆ 2.5 ಹೋದರೆ 8 − 2.5 = 5.5, ಬಲಕ್ಕೆ ಹೋದರೆ 8 + 2.5 = 10.5.

ABC₁ ನ ಬಾಹುಗಳು 10, 6.5, 5.5. ABC₂ ನ ಬಾಹುಗಳು 10, 6.5, 10.5. A ಕೋನ ಎರಡಕ್ಕೂ ಒಂದೇ, ಏಕೆಂದರೆ ಅದು ಅದೇ ಎರಡು ಗೆರೆಗಳ ನಡುವಿನ ಕೋನ. ಬಾಬಾಕೋ ಕೇಳುವ ಮೂರೂ ಅಳತೆ ಹೊಂದಿವೆ. ಆದರೆ ಒಂದರ ವಿಸ್ತೀರ್ಣ 16.5 ಚದರ ಸೆಂ.ಮೀ., ಇನ್ನೊಂದರದು 31.5.

‘ಒಂದರೊಳಗೆ ಒಂದಿದೆಯಲ್ಲ, ಇವು ಎರಡು ತ್ರಿಭುಜ ಹೇಗಾಗುತ್ತವೆ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ತೆಳು ಕಾಗದ ಇಟ್ಟು ಎರಡನ್ನೂ ಬೇರೆ ಬೇರೆಯಾಗಿ ನಕಲು ಮಾಡಿ ಕತ್ತರಿಸಿ ಕೊಡಿ. ತಿರುಗಿಸಿ, ಮಗುಚಿ, ಹೇಗಿಟ್ಟರೂ ಒಂದರ ಮೇಲೊಂದು ಕೂರುವುದಿಲ್ಲ.

ಯಾಕೆ ಹೀಗಾಗುತ್ತದೆ

ಎರಡು ತ್ರಿಭುಜಗಳಿಗೂ ಇರುವ ವ್ಯತ್ಯಾಸ BC₁C₂ ಎಂಬ ತುಂಡು. ಅದಕ್ಕೆ ಬಣ್ಣ ಹಚ್ಚಿ ನೋಡಿ. BC₁ ಮತ್ತು BC₂ ಒಂದೇ ಕಂಸದ ತ್ರಿಜ್ಯಗಳು, ಹಾಗಾಗಿ ಅದು ಸಮದ್ವಿಬಾಹು ತ್ರಿಭುಜ. ಅದರ ಪಾದಕೋನಗಳು ಸಮ, ಇಲ್ಲಿ ಸುಮಾರು 67.4 ಡಿಗ್ರಿ. C₂ ನಲ್ಲಿ ದೊಡ್ಡ ತ್ರಿಭುಜದ ಕೋನವೂ ಅದೇ. C₁ ನಲ್ಲಿ ಚಿಕ್ಕ ತ್ರಿಭುಜದ ಕೋನ ಆ ಪಾದಕೋನದ ಪಕ್ಕದ್ದು, ಎರಡೂ ಸೇರಿ ಸರಳಕೋನ. ಆದ್ದರಿಂದ ಅದು ಸುಮಾರು 112.6 ಡಿಗ್ರಿ. ಬಾಬಾಕೋ ಕೊಟ್ಟಾಗ C ಯಲ್ಲಿನ ಕೋನ ಲಘುಕೋನವೋ ವಿಶಾಲಕೋನವೋ ಎಂದು ಯಾರೂ ಹೇಳಿರುವುದಿಲ್ಲ. ಎರಡಕ್ಕೂ ಜಾಗ ಇರುತ್ತದೆ.

ಬಾಕೋಬಾದಲ್ಲಿ ಈ ತೊಂದರೆ ಇಲ್ಲ. ಕೋನದ ಎರಡೂ ಭುಜಗಳ ಮೇಲೆ ಉದ್ದ ಗುರುತಿಸಿದರೆ ಮೂರು ಶೃಂಗಗಳೂ ನಿಂತುಬಿಡುತ್ತವೆ. ಬಾಬಾಕೋದಲ್ಲಾದರೆ BC ಯು B ಎಂಬ ಬಿಜಾಗರಿಗೆ ಸಿಕ್ಕಿಸಿದ ಕದದ ಹಾಗೆ ತೂಗುತ್ತದೆ, ಅದರ ತುದಿ ಗೆರೆಯನ್ನು ಎರಡು ಕಡೆ ಮುಟ್ಟಬಹುದು.

ಉದ್ದ ಬದಲಾದರೆ

ಹಾಗಂತ ಯಾವ ಉದ್ದ ತೆಗೆದುಕೊಂಡರೂ ಎರಡು ತ್ರಿಭುಜ ಬರುವುದಿಲ್ಲ. AB ಮತ್ತು ಕೋನವನ್ನು ಹಾಗೇ ಇಟ್ಟು ಕೈವಾರವನ್ನು 5 ಸೆಂ.ಮೀ. ಗೆ ತೆರೆದರೆ ಕಂಸ ಗೆರೆಗೆ ಎಟುಕುವುದೇ ಇಲ್ಲ. ಸರಿಯಾಗಿ 6 ಆದರೆ D ಯಲ್ಲಿ ಮಾತ್ರ ಮುಟ್ಟುತ್ತದೆ, ಅಲ್ಲಿ ಬರುವುದು ಒಂದೇ ಲಂಬಕೋನ ತ್ರಿಭುಜ. 6 ಕ್ಕಿಂತ ಹೆಚ್ಚು, 10 ಕ್ಕಿಂತ ಕಡಿಮೆ ಇದ್ದಾಗ ಎರಡು. 10 ಆದರೆ ಎಡಗಡೆಯ ಬಿಂದು A ಯ ಮೇಲೇ ಬಂದು ಕೂರುತ್ತದೆ, ಅದರಿಂದ ತ್ರಿಭುಜ ಆಗದು. 11 ಎಂದಿಟ್ಟುಕೊಳ್ಳಿ, ಎಡಬಿಂದು A ಯನ್ನೂ ದಾಟಿ ಹಿಂದಕ್ಕೆ ಹೋಗುತ್ತದೆ. ಅಲ್ಲಿ ಆಗುವ ತ್ರಿಭುಜದ A ಕೋನ ಸುಮಾರು 143 ಡಿಗ್ರಿ, ನಮಗೆ ಕೊಟ್ಟ ಕೋನ ಅಲ್ಲ. ಹಾಗಾಗಿ ಉಳಿಯುವುದು ಬಲಗಡೆಯ ಒಂದೇ.

ಸುಮ್ನೆ 5 ಮತ್ತು 7 ತೆಗೆದುಕೊಂಡು, 7 ನ್ನು ಕೋನದ ಎದುರಿಗೆ ಇಟ್ಟವರಿಗೆ ಒಂದೇ ತ್ರಿಭುಜ ಸಿಗುವುದು ಇದೇ ಕಾರಣಕ್ಕೆ. ಕೋನದ ಎದುರಿನ ಬಾಹು ಇನ್ನೊಂದಕ್ಕೆ ಸಮ ಅಥವಾ ಅದಕ್ಕಿಂತ ಉದ್ದವಿದ್ದರೆ ಸರ್ವಸಮತೆ ಖಾತ್ರಿ. ಕೊಟ್ಟ ಕೋನ ಲಂಬಕೋನವಾದಾಗ ಎದುರಿನ ಬಾಹು ವಿಕರ್ಣ, ಅದು ಯಾವಾಗಲೂ ದೊಡ್ಡದು. ಲಂಬಕೋನ–ವಿಕರ್ಣ–ಬಾಹು ನಿಯಮ ನಿಂತಿರುವುದು ಇದರ ಮೇಲೆಯೇ.

ಸಾಧನೆಯಲ್ಲಿ ಇದು ನುಸುಳುವ ಜಾಗ

PQR ತ್ರಿಭುಜದಲ್ಲಿ P ಕೋನವನ್ನು ಅರ್ಧಿಸುವ ರೇಖೆ QR ನ ಮಧ್ಯಬಿಂದು M ಮೂಲಕ ಹೋಗುತ್ತದೆ, PQ = PR ಎಂದು ಸಾಧಿಸಿ ಎಂಬ ಲೆಕ್ಕ ಇದೆ. QM = RM, PM ಸಾಮಾನ್ಯ ಬಾಹು, P ಯಲ್ಲಿನ ಎರಡು ಕೋನಗಳು ಸಮ, ಆದ್ದರಿಂದ ಸರ್ವಸಮ ಎಂದು ಬರೆದು ಮುಗಿಸುತ್ತಾರೆ. ಉತ್ತರ ನಿಜವೇ, ಆದರೆ ದಾರಿ ಬಾಬಾಕೋ. ಆ ಕೋನಗಳು QM ಮತ್ತು RM ಗಳ ಎದುರಿಗಿವೆ, ಬಾಹುಗಳ ನಡುವೆ ಇಲ್ಲ. ಉತ್ತರ ಸರಿ ಎಂಬ ಕಾರಣಕ್ಕೆ ಇದಕ್ಕೆ ಪೂರ್ತಿ ಅಂಕ ಕೊಡಬಾರದು.

ಸರಿಯಾದ ದಾರಿ ಹೀಗಿದೆ. PM ನ್ನು M ನಿಂದಾಚೆ ಅಷ್ಟೇ ಉದ್ದ ಮುಂದುವರಿಸಿ S ಗುರುತಿಸಿ, R ಮತ್ತು S ಸೇರಿಸಿ. PQM ಮತ್ತು SRM ತ್ರಿಭುಜಗಳಲ್ಲಿ QM = RM, PM = SM, ನಡುವೆ M ನಲ್ಲಿ ಶೃಂಗಾಭಿಮುಖ ಕೋನಗಳು ಸಮ. ಇದು ಬಾಕೋಬಾ. ಆದ್ದರಿಂದ RS = PQ, ಮತ್ತು S ನಲ್ಲಿನ ಕೋನ QPM ಗೆ ಸಮ. QPM ಮತ್ತು RPM ಮೊದಲೇ ಸಮ ಎಂದು ಕೊಟ್ಟಿದೆ. ಅಂದರೆ PRS ತ್ರಿಭುಜದಲ್ಲಿ P ಮತ್ತು S ಕೋನಗಳು ಸಮ, ಅವುಗಳ ಎದುರಿನ ಬಾಹುಗಳಾದ RS ಮತ್ತು PR ಸಮ. RS ಎಂದರೆ PQ ನಷ್ಟೇ ಉದ್ದ, ಹಾಗಾಗಿ PQ = PR.